ಬಂದ್ ದಿನದ ಗಾಳಿ ದಾರಿ

ಭದ್ರಾವತಿಯ ಕಲ್ಲಪ್ಪನ ಮನೆಗೆ ನೀವು ಹೋಗಿ ಕೂತರೆ ಕಾಫಿ ಬರುವ ಮೊದಲು ಅವನು ಎದ್ದು ಹಿತ್ತಿಲ ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟು ಬರುತ್ತಿದ್ದ. ಅಡುಗೆಮನೆಯಲ್ಲಿ ಹೊಗೆ ಹೊರಹಾಕುವ ಫ್ಯಾನು ತಿರುಗುತ್ತಿದೆ, ಅದಕ್ಕೆ ಗಾಳಿ ಎಲ್ಲಿಂದ ಬರಬೇಕು ಎಂಬುದು ಅವನ ವಾದ. "ಎಳೆಯೋದು ಯಾರು ಬೇಕಾದ್ರೂ ಎಳೀತಾರೆ. ಕೊಡೋರ್ಯಾರು ಅಂತ ಕೇಳ್ಬೇಕು" ಎನ್ನುತ್ತಿದ್ದ. ಹೆಂಡತಿ ಹೂವಮ್ಮ ಈ ಮಾತನ್ನು ಕೇಳಿ ಕೇಳಿ ಸಾಕಾಗಿ, ಬಂದವರಿಗೆ ತಾನೇ ಮೊದಲು ಹೇಳಿಬಿಡುತ್ತಿದ್ದಳು. ಇಷ್ಟೆಲ್ಲ ತಿಳಿದ ಮನುಷ್ಯನೇ ಅಂಥ ತಪ್ಪು ಮಾಡಿದ ನೋಡಿ. ಅದಕ್ಕೇ ಇದನ್ನು ಹೇಳಬೇಕೆನಿಸಿತು.

ಕಲ್ಲಪ್ಪ ಹುಟ್ಟಿದ್ದು ಹೊಳೆಹೊನ್ನೂರಿನಲ್ಲಿ. ಡಿಪ್ಲೊಮಾ ಮುಗಿಸಿ ಭದ್ರಾವತಿಯ ಕಾರ್ಖಾನೆಗೆ ಸೇರಿ, ಕುಲುಮೆಗೆ ಗಾಳಿ ಊದುವ ಬ್ಲೋವರ್ ಹೌಸಿನಲ್ಲಿ ಇಪ್ಪತ್ನಾಲ್ಕು ವರ್ಷ ಕಳೆದ. ಅಲ್ಲಿನ ಸದ್ದಿನಿಂದ ಎಡಗಿವಿ ಮಂದವಾಯಿತು, ಮಾತು ಜೋರಾಯಿತು. ಎರಡು ಸಾವಿರದ ಒಂದರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡವನು ಮನೆಯಲ್ಲಿ ಆರು ತಿಂಗಳೂ ಕೂರಲಿಲ್ಲ. ಶಿವಮೊಗ್ಗದ ಗೋಪಾಳದಲ್ಲಿ ಯಜ್ಞನಾರಾಯಣ ಎಂಬ ಎಂಜಿನಿಯರು ಫ್ಯಾನು, ಗಾಳಿ ಸಾಗಿಸುವ ಡಕ್ಟುಗಳ ಸಣ್ಣ ಕಂಪನಿ ಇಟ್ಟಿದ್ದರು. ಅಲ್ಲಿ ಸೇರಿಕೊಂಡು ದಿನಾ ಬಸ್ಸಿನಲ್ಲಿ ಓಡಾಡತೊಡಗಿದ. ನಕ್ಷೆಗೆ ಸಹಿ ಯಜ್ಞನಾರಾಯಣರದು, ಲೆಕ್ಕ ಕಲ್ಲಪ್ಪನದು. ಅವನ ಲೆಕ್ಕವನ್ನು ಅವರು ಮತ್ತೆ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ, ಅಷ್ಟು ನಂಬಿಕೆ.

ಎರಡು ಸಾವಿರದ ಐದರಲ್ಲಿ ಓಂಕಾರಪ್ಪನವರ ಕೆಲಸ ಬಂತು. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಅವರು ಕಟ್ಟಿಸುತ್ತಿದ್ದ ಐದು ಅಂತಸ್ತಿನ ಜವಳಿ ಮಳಿಗೆ. ನಡುವೆ ನೆಲದಿಂದ ಗಾಜಿನ ಚಾವಣಿಯವರೆಗೆ ಇಪ್ಪತ್ತು ಮೀಟರ್ ಖಾಲಿ ಜಾಗ. ಎಂಜಿನಿಯರುಗಳು ಅದನ್ನು ಏಟ್ರಿಯಂ ಎಂದರೆ ಓಂಕಾರಪ್ಪ ತೊಟ್ಟಿ ಎನ್ನುತ್ತಿದ್ದರು. ಯಾವ ಮಹಡಿಯಲ್ಲಿ ನಿಂತರೂ ಕೆಳಗಿನ ಸೀರೆ ರಾಶಿ ಕಾಣಬೇಕು, ನೋಡಿದವರಿಗೆ ಆಸೆ ಹುಟ್ಟಬೇಕು ಎಂಬುದು ಅವರ ಲೆಕ್ಕಾಚಾರ.

"ಸೀರೆ ಕಾಣೋ ದಾರೀಲೇ ಹೊಗೇನೂ ಹತ್ತುತ್ತೆ ಯಜಮಾನ್ರೇ" ಎಂದ ಕಲ್ಲಪ್ಪ.

"ಅದಕ್ಕೇ ತಾನೇ ನಿಮ್ಮನ್ನ ಕರೆಸಿದ್ದು. ಮೇಲೆ ದೊಡ್ಡ ಫ್ಯಾನ್ ಇಡಿ, ಮುಗೀತು."

ಮುಗಿಯುವುದು ಅಷ್ಟು ಸುಲಭವಿರಲಿಲ್ಲ. ಕಲ್ಲಪ್ಪ ಸಿಮೆಂಟ್ ಚೀಲದ ಮೇಲೆ ಕೂತು ಅವರಿಗೆ ತಿಳಿಸಿ ಹೇಳಿದ. ಬೆಂಕಿಯಲ್ಲಿ ಹುಟ್ಟುವ ಹೊಗೆ ಸ್ವಲ್ಪವೇ. ಅದು ಕಂಬದಂತೆ ಮೇಲೇರುತ್ತ ಸುತ್ತಲಿನ ಒಳ್ಳೆಯ ಗಾಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಏರಿದಷ್ಟೂ ದಪ್ಪವಾಗುತ್ತದೆ. ಕೆಳಗೆ ಸೀರೆ ರಾಶಿಗೆ ಎರಡೂವರೆ ಮೆಗಾವಾಟಿನ ಬೆಂಕಿ ಹತ್ತಿತು ಎಂದಿಟ್ಟುಕೊಂಡರೆ, ಹತ್ತು ಮೀಟರ್ ಎತ್ತರ ತಲುಪುವಾಗ ಆ ಕಂಬದಲ್ಲಿ ಸೆಕೆಂಡಿಗೆ ನಲವತ್ಮೂರು ಕಿಲೋ ಹೊಗೆಗಾಳಿ ಹರಿಯುತ್ತಿರುತ್ತದೆ. ಹದಿನೆಂಟು ಮೀಟರಿಗೆ ಹೋದರೆ ನೂರೊಂಬತ್ತು ಕಿಲೋ. ಎತ್ತರ ಎರಡರಷ್ಟೂ ಆಗಿಲ್ಲ, ಹೊಗೆ ಎರಡೂವರೆ ಪಟ್ಟು. ಮೇಲಿನ ಮಹಡಿಯವರ ತಲೆಗೂ ಹೊಗೆ ತಾಗಬಾರದು ಎಂದು ಹಠ ಹಿಡಿದರೆ ಅಷ್ಟನ್ನೂ ಎಳೆಯುವ ಫ್ಯಾನು ಬೇಕು.

"ಅಷ್ಟು ಫ್ಯಾನ್ ಹೊರೋ ಚಾವಣಿ ಇದಲ್ಲ" ಎಂದ ಕಲ್ಲಪ್ಪ. "ಮೇಲಿನ ಎರಡು ಮಹಡಿಗೆ ತೊಟ್ಟಿ ಕಡೆ ಬೆಂಕಿ ತಡೆಯೋ ಗಾಜು ಹಾಕಿ. ಹೊಗೆ ಹತ್ತು ಮೀಟರಿಂದ ಮೇಲೆ ನಿಂತ್ಕೊಳ್ಳಲಿ. ನಲವತ್ಮೂರು ಕಿಲೋ ಎಳೆದ್ರೆ ಸಾಕು."

ಗಾಜು ಹಾಕಿದರೆ ಸೀರೆ ಮಂಕಾಗಿ ಕಾಣುತ್ತದೆಂದು ಓಂಕಾರಪ್ಪ ಒಂದು ವಾರ ಮುಖ ಗಂಟಿಕ್ಕಿಕೊಂಡರು, ಆಮೇಲೆ ಒಪ್ಪಿದರು. ಹೊಗೆ ಬಿಸಿಗೆ ಉಬ್ಬುವುದನ್ನೂ ಸೇರಿಸಿ ಸೆಕೆಂಡಿಗೆ ನಲವತ್ತೆರಡು ಘನ ಮೀಟರ್ ಎಳೆಯುವಂತೆ ಚಾವಣಿಯ ನಾಲ್ಕು ಕಡೆ ನಾಲ್ಕು ಫ್ಯಾನು ಕೂತವು. ಒಂದೇ ಕಡೆ ಎಳೆದರೆ ಹೊಗೆಯ ಪದರ ತೂತು ಬಿದ್ದು ಕೆಳಗಿನ ಒಳ್ಳೆಯ ಗಾಳಿಯೇ ಹೋಗಿಬಿಡುತ್ತದೆ.

ಇನ್ನು ಕೊಡುವ ಗಾಳಿ. ಸೆಕೆಂಡಿಗೆ ಮೂವತ್ತೇಳು ಘನ ಮೀಟರ್ ತಣ್ಣನೆಯ ಗಾಳಿ ಕೆಳಗಿನಿಂದ ಬರಬೇಕು. ಅದೂ ಮೆಲ್ಲಗೆ, ಸೆಕೆಂಡಿಗೆ ಒಂದು ಮೀಟರ್ ಮೀರದಂತೆ. ರಭಸವಾಗಿ ನುಗ್ಗಿದರೆ ಹೊಗೆಯ ಕಂಬ ಮುರಿದು ಜನರ ಮೇಲೆ ಬೀಳುತ್ತದೆ. ಅಂದರೆ ಮೂವತ್ತೇಳು ಚದರ ಮೀಟರ್ ಬಾಯಿ ಬೇಕು. ರಸ್ತೆ ಕಡೆಗೆ ನಾಲ್ಕು ದೊಡ್ಡ ಬಾಗಿಲುಗಳಿದ್ದವು, ಅಳತೆ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ. ಅಲಾರಂ ಆದ ಕೂಡಲೇ ಅವುಗಳ ಗಾಜಿನ ಕದಗಳು ತಾವೇ ತೆರೆದುಕೊಳ್ಳುವ ಹಾಗೆ ಕಲ್ಲಪ್ಪ ಮಾಡಿಸಿದ. ಕದಗಳ ಹೊರಗೆ ಉಕ್ಕಿನ ರೋಲಿಂಗ್ ಶಟರುಗಳಿದ್ದವು. ಅವುಗಳ ಬಗ್ಗೆ ವರದಿಯಲ್ಲಿ ಒಂದೇ ಸಾಲು ಬರೆದ: ವ್ಯಾಪಾರದ ಸಮಯದಲ್ಲಿ ಶಟರುಗಳು ತೆರೆದಿರುತ್ತವೆ.

ಬರೆಯುವಾಗ ಅವನ ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ಅಂಗಡಿ ತೆರೆದಿದೆ ಅಂದಮೇಲೆ ಶಟರ್ ಮೇಲಿರಲೇಬೇಕಲ್ಲ.

ಪರೀಕ್ಷೆಯ ದಿನ ತಟ್ಟೆಗಳಲ್ಲಿ ಸ್ಪಿರಿಟ್ ಉರಿಸಿ ಹೊಗೆ ಬಿಟ್ಟರು. ಹೊಗೆ ನೆಟ್ಟಗೆ ಏರಿ, ಮೂರನೆಯ ಮಹಡಿಯ ಗಾಜಿನ ಮುಂದೆ ಮೋಡ ಕಟ್ಟಿ, ಅಲ್ಲಿಂದ ಒಂದು ಗೇಣೂ ಕೆಳಗಿಳಿಯಲಿಲ್ಲ. ಓಂಕಾರಪ್ಪ ಕಲ್ಲಪ್ಪನ ಬೆನ್ನು ತಟ್ಟಿದರು. ಆ ಸಂಜೆ ಭದ್ರಾವತಿಯ ಬಸ್ಸಿನಲ್ಲಿ ಕಲ್ಲಪ್ಪ ಪಕ್ಕದ ಸೀಟಿನ ಅಪರಿಚಿತನಿಗೆ ಇಡೀ ಏಟ್ರಿಯಂ ವಿವರಿಸಿದ. ಪಾಪ, ಆತ ದಾರಿ ನಡುವಿನ ಮಲವಗೊಪ್ಪದಲ್ಲೇ ಇಳಿದುಹೋದ. ಅಲ್ಲೇ ಇಳಿಯಬೇಕಿತ್ತೋ ಇಲ್ಲವೋ.

ಮಳಿಗೆ ತೆರೆದು ಎರಡು ತಿಂಗಳಾಗಿತ್ತು. ಕಲ್ಲಪ್ಪನ ಮಗಳು ಬಿಂದುಶ್ರೀಯ ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಒಂದು ಬುಧವಾರ ಸಂಜೆ ಮೂವರೂ ಊಟಕ್ಕೆ ಕೂತಿದ್ದರು.

"ನಾಳೆ ಧಾರೆ ಸೀರೆ ತರೋಕೆ ಹೋಗ್ತೀವಿ ಕಣ್ರೀ, ಓಂಕಾರಪ್ಪನೋರ ಅಂಗಡಿಗೆ" ಎಂದಳು ಹೂವಮ್ಮ.

"ನಾಳೆ ಬಂದ್ ಅಲ್ವೇನೇ?"

"ಬಂದಾದ್ರೇನು, ರೈಲು ಇರುತ್ತೆ. ಫೋನ್ ಮಾಡಿ ಕೇಳಿದ್ದೀನಿ. ಮುಂದೆ ಶಟರ್ ಎಳೆದಿರ್ತಾರಂತೆ. ಹಿಂದಿನ ಗಲ್ಲಿ ಬಾಗಿಲಿಂದ ಬನ್ನಿ ಅಂದ್ರು. ಬಂದ್ ದಿನ ಆರಾಮಾಗಿ ನೋಡ್ಬಹುದು ಅಂತ ಜನ ಜಾಸ್ತೀನೇ ಬರ್ತಾರಂತೆ."

ಕಲ್ಲಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೇ ಇಳಿಯಿತು.

ಈ ಊರುಗಳಲ್ಲಿ ಬಂದ್ ಎಂದರೆ ಹೇಗೆಂದು ಗೊತ್ತಿಲ್ಲದ ಮಗುವಿಲ್ಲ. ಮುಂದೆ ಶಟರ್, ಹಿಂದೆ ವ್ಯಾಪಾರ. ಕಲ್ಲಪ್ಪ ತನ್ನ ಮದುವೆಯ ಪಂಚೆಯನ್ನೇ ಹಾಗೆ ಗಾಂಧಿಬಜಾರಿನ ಒಂದು ಅಂಗಡಿಯ ಹಿಂಬಾಗಿಲಿನಿಂದ ಕೊಂಡಿದ್ದ. ಮುಚ್ಚಿದ ಶಟರಿನ ಹಿಂದೆ ಲೈಟು ಹಾಕಿಕೊಂಡು ಬಟ್ಟೆ ಹರಿಯುವ ಸದ್ದು ಅವನಿಗೆ ಇನ್ನೂ ನೆನಪಿತ್ತು. ಆದರೂ ವರದಿಯ ಆ ಸಾಲು ಬರೆಯುವಾಗ ಬಂದ್ ಎಂಬುದೇ ಅವನ ತಲೆಗೆ ಬರಲಿಲ್ಲ. ಬೆಂಗಳೂರಿನವನೋ ಬೊಂಬಾಯಿಯವನೋ ಬರೆದಿದ್ದರೆ ಹೋಗಲಿ ಎನ್ನಬಹುದಿತ್ತು.

ಕೈ ತೊಳೆದು ಹಳೆಯ ನೋಟ್‌ಬುಕ್ ತೆಗೆದ. ನಾಲ್ಕು ಶಟರೂ ಕೆಳಗಿದ್ದು, ಬೆಂಕಿ ಬಿದ್ದು, ಫ್ಯಾನುಗಳು ಶುರುವಾದರೆ? ಗಾಳಿ ಬರುವ ಬಾಯಿಯೇ ಇಲ್ಲ. ಫ್ಯಾನು ತಿರುಗುತ್ತದೆ, ಹೊಗೆ ಹೋಗುವುದಿಲ್ಲ. ಪದರ ಹತ್ತು ಮೀಟರಿನಲ್ಲಿ ನಿಲ್ಲದೆ ಇಳಿಯುತ್ತದೆ, ತಲೆಯ ಮಟ್ಟಕ್ಕೆ ಬರುತ್ತದೆ. ಜನ ಎಲ್ಲಿಗೆ ಓಡುತ್ತಾರೆ? ಹಿಂದಿನ ಬಾಗಿಲಿಗೆ. ಅದು ಹೊರಗೆ ತೆರೆಯುವ ಬಾಗಿಲು, ಎರಡೂವರೆ ಚದರ ಮೀಟರ್. ಒಳಗಿನ ಗಾಳಿಯನ್ನು ಫ್ಯಾನು ಎಳೆದಿರುವುದರಿಂದ ಹೊರಗಿನ ಗಾಳಿ ಅದನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ಸಂದಿಗಳಲ್ಲಿ ಒಂದಿಷ್ಟು ಸೋರುತ್ತದೆಂದು ಬಿಟ್ಟರೂ ಬಾಗಿಲಿನ ಮೇಲೆ ನೂರೈವತ್ತು ಕಿಲೋ ಭಾರ. ಹಿಡಿಯ ಹತ್ತಿರ ತಳ್ಳುವವರಿಗೆ ಎಪ್ಪತ್ತೈದು. ಗಟ್ಟಿ ಗಂಡಸಿಗೇ ಕಷ್ಟ. ಮುದುಕಿ ತಳ್ಳುತ್ತಾಳೆಯೇ, ಮಗು ಎತ್ತಿಕೊಂಡವಳು ತಳ್ಳುತ್ತಾಳೆಯೇ? ಹೇಗೋ ತೆರೆದರೂ ಆ ಒಂದೇ ಸಂದಿಯಿಂದ ಬಿರುಗಾಳಿ ನುಗ್ಗಿ ಹೊಗೆಯನ್ನೆಲ್ಲ ಕಲಕಿ ಹಾಕುತ್ತದೆ.

ಮೊದಲು ಯಜ್ಞನಾರಾಯಣರಿಗೆ ಫೋನ್ ಮಾಡಿದ. ಅವರು ಚೆನ್ನೈಗೆ ಹೋಗಿದ್ದರು, ಮೊಬೈಲ್ ಆಫ್. ಓಂಕಾರಪ್ಪನವರ ಮನೆಯ ನಂಬರ್ ಒತ್ತತೊಡಗಿದವನು ಅರ್ಧಕ್ಕೇ ರಿಸೀವರ್ ಇಟ್ಟುಬಿಟ್ಟ. ಏನೆಂದು ಹೇಳುವುದು? ಬೆನ್ನು ತಟ್ಟಿದಿರಲ್ಲ, ಆ ಲೆಕ್ಕ ತಪ್ಪು ಅಂತಲೇ? ಇಪ್ಪತ್ನಾಲ್ಕು ವರ್ಷದ ಹೆಸರು ಆ ಫೋನಿನ ತಂತಿಯಲ್ಲಿ ಹೋಗುತ್ತದೆ ಎನಿಸಿತು. ನಾಚಿಕೆ. ಬೇರೇನೂ ಅಲ್ಲ, ಶುದ್ಧ ನಾಚಿಕೆ. ಬೆಳಿಗ್ಗೆ ಎದುರಿಗೇ ಹೋಗಿ ಹೇಳಿದರಾಯಿತು ಎಂದುಕೊಂಡ.

ಬೆಳಿಗ್ಗೆ ಮೊಪೆಡ್ ತೆಗೆಯುತ್ತ ಹೆಂಡತಿಗೆ, "ಇವತ್ತು ಸೀರೆಗೆ ಹೋಗೋದು ಬೇಡ" ಎಂದ.

"ಯಾಕೆ?"

"ಬೇಡ ಅಂದ್ನಲ್ಲ."

"ಅದೇ ಯಾಕೆ ಅಂತ."

"ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿನಗೆ?" ಎಂದು ಗದರಿ ಹೊರಟೇಬಿಟ್ಟ. ಹೆಂಡತಿಯ ಮುಂದೆಯೂ ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ ಮಹಾಶಯನಿಗೆ. ಹೂವಮ್ಮ ಅವನ ಬೆನ್ನು ನೋಡುತ್ತ ನಿಂತಳು. ಸೀರೆ ವಿಷಯದಲ್ಲಿ ಗಂಡ ಕಾರಣ ಕೊಡದೆ ಬೇಡ ಎಂದರೆ ಯಾವ ತಾಯಿ ಕೇಳುತ್ತಾಳೆ? ಅವಳು ಮಗಳನ್ನು ಕರೆದುಕೊಂಡು ನೆಟ್ಟಗೆ ಸ್ಟೇಷನ್ನಿಗೆ ನಡೆದಳು.

ಮಲವಗೊಪ್ಪದ ಹತ್ತಿರ ರಸ್ತೆಗೆ ಟೈರ್ ಹಾಕಿ ಸುಟ್ಟಿದ್ದರು. ಹುಡುಗರು ಕಲ್ಲಪ್ಪನ ಮೊಪೆಡ್ಡಿನ ಕೀ ಕಿತ್ತುಕೊಂಡರು. ಅದು ವಾಪಸ್ ಕೈಗೆ ಬರುವವರೆಗೆ ಒಂದೂವರೆ ಗಂಟೆ ಅಲ್ಲೇ ನಿಂತ. ಎದುರಿಗೇ ಟೈರಿನ ಹೊಗೆ. ಬುಡದಲ್ಲಿ ತೋಳಿನಷ್ಟಿದ್ದದ್ದು ಪಕ್ಕದ ಹುಣಸೆ ಮರದ ನೆತ್ತಿಗೆ ಬರುವಷ್ಟರಲ್ಲಿ ಮರದಷ್ಟೇ ಅಗಲವಾಗುತ್ತಿತ್ತು. ಅವನು ಪುಸ್ತಕದಲ್ಲಿ ಓದಿದ್ದೆಲ್ಲ ಅಲ್ಲಿತ್ತು. ನೋಡಲಾರದೆ ಮುಖ ತಿರುಗಿಸಿದ. ಆಗ ದೂರದಲ್ಲಿ ಶಿವಮೊಗ್ಗದ ಕಡೆ ರೈಲು ಹೋದ ಸದ್ದು ಅವನ ಒಳ್ಳೆಯ ಕಿವಿಗೆ ಬಿತ್ತು. ಆ ರೈಲಿನಲ್ಲಿ ಯಾರಿರಬಹುದೆಂದು ಅವನು ಯೋಚಿಸಲಿಲ್ಲ.

ಹನ್ನೊಂದು ಗಂಟೆಗೆ ಮಳಿಗೆಯ ಹಿಂದಿನ ಗಲ್ಲಿಗೆ ಬಂದ. ಬಾಗಿಲ ಬಳಿ ನೂರಾರು ಜೊತೆ ಚಪ್ಪಲಿ. ಓಂಕಾರಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಬಂದವರಿಗೆ ಕೈಮುಗಿಯುತ್ತಿದ್ದರು.

"ಯಜಮಾನ್ರೇ, ಜನರನ್ನ ಹೊರಗೆ ಕಳಿಸಿ. ಶಟರ್ ಹಾಕಿದ್ದಾಗ ನನ್ನ ಫ್ಯಾನ್ ಕೆಲಸ ಮಾಡಲ್ಲ."

"ಏನ್ ಮಾತು ಅಂತ ಆಡ್ತೀರಿ ಮಾರಾಯ್ರೇ. ಎಲ್ಲಾ ಮುಚ್ಚಿದ್ರೆ ಇನ್ನೂ ಚೆನ್ನಾಗಿ ಎಳೆಯಲ್ವಾ?"

"ಖಾಲಿ ಸೋಡಾ ಬಾಟ್ಲಿ ಬಾಯಿಗಿಟ್ಟು ಎಳೆದು ನೋಡಿ. ಎಷ್ಟು ಬರುತ್ತೆ?"

ಓಂಕಾರಪ್ಪ ನಕ್ಕರು. ಒಳಗೆ ಮುನ್ನೂರು ಜನ ಇದ್ದಾರೆ, ಮದುವೆಯ ಕಾಲ, ಬೆಂಕಿ ಇವತ್ತೇ ಬೀಳಬೇಕೇ ಎಂದರು. ಶಟರ್ ಎತ್ತಿದರೆ ಕಲ್ಲು ಬೀಳುವುದಂತೂ ಖಂಡಿತ ಎಂದರು. ಅವರ ಮಾತೂ ಸುಳ್ಳಲ್ಲ. ಆಗ ಕಲ್ಲಪ್ಪ, "ಎರಡು ನಿಮಿಷ ಫ್ಯಾನ್ ಹಾಕಿಸಿ. ನೀವು ಇಲ್ಲೇ ಹೊರಗೆ ನಿಂತು ಈ ಬಾಗಿಲು ತೆಗೀರಿ. ತೆಗೆದ್ರೆ ನಾನು ಇನ್ನೊಂದು ಮಾತಾಡಲ್ಲ, ಮನೆಗೆ ಹೋಗ್ತೀನಿ" ಎಂದ.

ಓಂಕಾರಪ್ಪನವರ ಮಗ ಜ್ಞಾನೇಶ್ ಒಳಗೆ ಹೋದ. ಫ್ಯಾನಿನ ಸ್ವಿಚ್ಚು ಮುಂಭಾಗದಲ್ಲಿ, ಶಟರಿನ ಪಕ್ಕದಲ್ಲಿತ್ತು. ಹಿಂಬಾಗಿಲ ಬಳಿ ಯಾರನ್ನೂ ಬಿಡಬೇಡ, ಎರಡು ನಿಮಿಷಕ್ಕೆ ಸರಿಯಾಗಿ ಆಫ್ ಮಾಡು ಎಂದು ಕಲ್ಲಪ್ಪ ಅವನಿಗೆ ಎರಡೆರಡು ಸಲ ಹೇಳಿ ಕಳಿಸಿದ. ಒಬ್ಬನೇ ಮನುಷ್ಯ ಸ್ವಿಚ್ಚಿನ ಹತ್ತಿರವೂ ಬಾಗಿಲ ಹತ್ತಿರವೂ ಹೇಗಿರುತ್ತಾನೆ ಎಂಬುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಚಾವಣಿಯಲ್ಲಿ ಗುಂಯ್ ಎಂದಿತು. ನಾಲ್ಕು ಬೆರಳು ತೆರೆದಿದ್ದ ಬಾಗಿಲು ತಾನೇ ಹೋಗಿ ಧಡ್ ಎಂದು ಮುಚ್ಚಿಕೊಂಡಿತು. ಹೊಸ್ತಿಲ ಸಂದಿಯಿಂದ ಗಾಳಿ ಒಳಕ್ಕೆ ಸಿಳ್ಳೆ ಹಾಕಿತು. ಓಂಕಾರಪ್ಪ ಎದ್ದು ಹಿಡಿಗೆ ಕೈ ಹಾಕಿ ಎಳೆದರು. ಮತ್ತೆ ಎಳೆದರು. ಪಂಚೆ ಎತ್ತಿ ಕಟ್ಟಿ, ಗೋಡೆಗೆ ಕಾಲು ಕೊಟ್ಟು ಎಳೆದರು. ಬಾಗಿಲು ಒಂದು ಅಂಗುಲ ಬಂದು ಮತ್ತೆ ಹೋಗಿ ಕೂತಿತು.

ಆಗ ಒಳಗಿನಿಂದ ಯಾರೋ ತಳ್ಳತೊಡಗಿದರು.

"ಬಾಗ್ಲು ಬರ್ತಿಲ್ಲ ಕಣೇ, ನೀನೂ ತಳ್ಳು" ಎಂಬ ದನಿ ಬಂತು. ಕಲ್ಲಪ್ಪನ ಎಡಗಿವಿ ಮಂದವಿರಬಹುದು, ಆ ದನಿ ಕೇಳಲು ಅವನಿಗೆ ಕಿವಿಯೇ ಬೇಕಿರಲಿಲ್ಲ. ಇಪ್ಪತ್ತೇಳು ವರ್ಷದಿಂದ ಅದೇ ದನಿಯಲ್ಲಿ ಅವನಿಗೆ ಬೆಳಗಾಗುತ್ತಿತ್ತು.

"ಅಮ್ಮಾ, ಆಗ್ತಿಲ್ಲ" ಎಂದಳು ಬಿಂದುಶ್ರೀ.

ಕಲ್ಲಪ್ಪ ಓಂಕಾರಪ್ಪನವರ ಕೈಯ ಮೇಲೆಯೇ ಕೈ ಹಾಕಿ ಜಗ್ಗಿದ. ಒಳಗೆ ಇನ್ನಷ್ಟು ಜನ ಬಂದು ಸೇರಿದ ಸದ್ದು. ಒಂದು ಮಗು ಅಳತೊಡಗಿತು. ಬಾಗಿಲು ಬರುತ್ತಿಲ್ಲವಂತೆ ಎಂಬ ಮಾತು ಬಾಯಿಂದ ಬಾಯಿಗೆ ಒಳಕ್ಕೆ ಹರಿಯುವುದು ಹೊರಗೇ ಕೇಳಿಸಿತು. ಯಾರೋ ಬಾಗಿಲಿಗೆ ಗುದ್ದಿದರು. ಕಲ್ಲಪ್ಪ ವಾಚು ನೋಡಿದ. ಐವತ್ತು ಸೆಕೆಂಡು. ಇಲ್ಲಿಂದ ಕೂಗಿದರೆ ಜ್ಞಾನೇಶನಿಗೆ ಕೇಳುವುದಿಲ್ಲ. ಮುಂದಿನಿಂದ ಹೋಗೋಣವೆಂದರೆ ಶಟರ್. ಹೆಂಡತಿಯೂ ಮಗಳೂ ಅವನಿಂದ ಒಂದು ಮೊಳ ದೂರದಲ್ಲಿದ್ದರು, ನಡುವೆ ಇದ್ದದ್ದು ಅವನ ಲೆಕ್ಕ ಒಂದೇ. ಬೆಂಕಿ ಇಲ್ಲ, ಹೊಗೆ ಇಲ್ಲ, ಎರಡೇ ನಿಮಿಷ ಎಂದು ತನಗೆ ತಾನೇ ಹೇಳಿಕೊಂಡ. ಹೊಗೆ ಇದ್ದಿದ್ದರೆ ಎಂದೂ ಅದೇ ಉಸಿರಿನಲ್ಲಿ ಎನಿಸಿತು.

"ಹೂವೀ, ತಳ್ಳಬೇಡ, ಹಿಂದೆ ಸರಿ. ಈಗ ಬರುತ್ತೆ" ಎಂದು ಸಂದಿಗೆ ಬಾಯಿಟ್ಟು ಕೂಗಿದ. ಅವನ ಮಾತನ್ನು ಗಾಳಿ ಎಳೆದುಕೊಂಡು ಒಳಕ್ಕೆ ಹೋಯಿತು.

"ನೀವಾ?" ಎಂದಳು ಹೂವಮ್ಮ.

ಎರಡು ನಿಮಿಷಕ್ಕೆ ಸರಿಯಾಗಿ ಫ್ಯಾನು ನಿಂತಿತು. ಎಳೆಯುತ್ತಿದ್ದ ಇಬ್ಬರೂ ಗಂಡಸರು ಬಾಗಿಲ ಸಮೇತ ಹಿಂದಕ್ಕೆ ಬಂದು ಚಪ್ಪಲಿಗಳ ಮೇಲೆ ಕೂತುಬಿಟ್ಟರು. ಹೂವಮ್ಮ ಮಗಳ ರಟ್ಟೆ ಹಿಡಿದುಕೊಂಡು ಹೊರಗೆ ಬಂದಳು. ಅವಳ ಅಂಗೈ ಕೆಂಪಗಾಗಿತ್ತು. ಕೆಳಗೆ ಕೂತ ಗಂಡನನ್ನು ನೋಡಿದಳು.

"ನಿಮಗೆ ಇದು ಗೊತ್ತಿತ್ತಾ?"

"ನಿನ್ನೆ ಊಟಕ್ಕೆ ಕೂತಾಗ ಗೊತ್ತಾಯ್ತು" ಎಂದ ಕಲ್ಲಪ್ಪ. ಓಂಕಾರಪ್ಪ ಕೇಳಿಸಿಕೊಳ್ಳುತ್ತಿದ್ದರು, ಹೊರಗೆ ಬಂದ ಹತ್ತಾರು ಜನರೂ ಕೇಳಿಸಿಕೊಳ್ಳುತ್ತಿದ್ದರು. "ತಪ್ಪು ನಂದೇ. ಶಟರ್ ಹಾಕ್ಕೊಂಡು ವ್ಯಾಪಾರ ಮಾಡ್ತಾರೆ ಅಂತ ನಾನು ಲೆಕ್ಕಕ್ಕೆ ಹಿಡೀಲಿಲ್ಲ."

"ನಿನ್ನೆ ಗೊತ್ತಾಗಿದ್ದು ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

ಕಲ್ಲಪ್ಪ ತಲೆ ತಗ್ಗಿಸಿ, ಚದುರಿದ್ದ ಚಪ್ಪಲಿಗಳನ್ನು ಜೊತೆ ಮಾಡಿ ಇಡತೊಡಗಿದ.

ಓಂಕಾರಪ್ಪ ಪಂಚೆ ಕೊಡವಿಕೊಂಡು ಎದ್ದರು. ನಗು ಹೋಗಿತ್ತು. ಬಾಗಿಲನ್ನು ಒಮ್ಮೆ ಬೆರಳ ತುದಿಯಿಂದ ಮುಟ್ಟಿ ಆಚೀಚೆ ಆಡಿಸಿ ನೋಡಿದರು. ಆಮೇಲೆ ಒಳಗೆ ಹೋಗಿ, ಬಿಲ್ಲು ಅರ್ಧಕ್ಕೆ ನಿಂತವರನ್ನೂ ಸೇರಿಸಿ ಎಲ್ಲರನ್ನೂ ಕೈಮುಗಿದು ಹೊರಗೆ ಕಳಿಸಿದರು. ಹದಿನೈದು ದಿನದಲ್ಲಿ ಉಕ್ಕಿನ ತಗಡಿನ ಶಟರುಗಳು ಹೋಗಿ, ಎಳೆದಾಗಲೂ ಗಾಳಿ ಬಿಡುವ ಜಾಲಿ ಶಟರುಗಳು ಬಂದವು. ಜಾಲಿಯ ಸರಳುಗಳು ತಿನ್ನುವಷ್ಟು ಜಾಗಕ್ಕೆ ಬದಲಾಗಿ ಪಕ್ಕದ ಗೋಡೆಯಲ್ಲೂ ಕೆಳಗೆ ಬಾಯಿ ತೆರೆಸಿ, ಎಲ್ಲ ಶಟರ್ ಎಳೆದೇ ಕಲ್ಲಪ್ಪ ಮತ್ತೊಮ್ಮೆ ಹೊಗೆ ಬಿಟ್ಟ. ಹಿಂದಿನ ಬಾಗಿಲನ್ನು ಆ ಸಲ ಓಂಕಾರಪ್ಪ ಒಂದೇ ಕೈಯಲ್ಲಿ ತೆಗೆದರು. ಯಾರೂ ಯಾರ ಬೆನ್ನೂ ತಟ್ಟಲಿಲ್ಲ.

ಆಮೇಲೆ ಕಲ್ಲಪ್ಪ ಇನ್ನೂ ಹತ್ತು ವರ್ಷ ಅದೇ ಕೆಲಸ ಮಾಡಿದ. ಕುಂಸಿಯ ಕಲ್ಯಾಣ ಮಂಟಪವಿರಲಿ, ಬೇರೆ ಊರಿನ ಆಸ್ಪತ್ರೆಯಿರಲಿ, ಟೇಪು ಬಿಚ್ಚುವ ಮೊದಲು ಮಾಲೀಕರನ್ನು ಒಂದು ಪ್ರಶ್ನೆ ಕೇಳುತ್ತಿದ್ದ: "ಬಂದ್ ದಿನ ಯಾವ ಬಾಗಿಲು ಹಾಕ್ತೀರಿ?" ಕೇಳಿದವರು ಇವನ ತಲೆ ಸರಿಯಿದೆಯೇ ಎಂಬಂತೆ ನೋಡುತ್ತಿದ್ದರು.

ಮನೆಯಲ್ಲೂ ಒಂದು ವಿಷಯ ಬದಲಾಯಿತು. ಯಾವುದಕ್ಕಾದರೂ ಅವನು "ಬೇಡ" ಎಂದರೆ ಹೂವಮ್ಮ ಇದ್ದಲ್ಲೇ ನಿಂತು ತನ್ನ ಅಂಗೈಯನ್ನು ಅವನ ಮುಂದೆ ಹಿಡಿಯುತ್ತಿದ್ದಳು. ಕೆಂಪು ಎಂದೋ ಹೋಗಿತ್ತು. ಕಲ್ಲಪ್ಪ ಅದನ್ನು ನೋಡಿ, ಹಿತ್ತಿಲ ಬಾಗಿಲ ಕಡೆ ನೋಡಿ, ಯಾಕೆ ಬೇಡ ಎಂಬುದನ್ನು ಹೇಳುತ್ತಿದ್ದ.